ಕೈಗಡಿಯಾರದ ಹೆಸರಿನ ಅಕ್ಕಿ

ಮಲೆನಾಡಿನವರು ಉಪ್ಪಿನಕಾಯಿಯ ಮಿಡಿಗೆ ಹೆಸರಿಡಲು ಹೆಚ್ಚು ತಲೆ ಕೆಡಿಸಿಕೊಂಡವರಲ್ಲ. ತೊಟ್ಟು ಮುರಿದಾಗ ಸೊನೆ ಜೀರಿಗೆಯಂತೆ ಘಮ್ಮೆಂದರೆ ಅದು ಜೀರಿಗೆ ಮಿಡಿ. ಇನ್ನೊಂದು ಅನಂತಭಟ್ಟನ ಅಪ್ಪೆ. ಆ ಭಟ್ಟರ ಮುಖ ಕಂಡವರು ಇಂದು ಯಾರೂ ಇರಲಾರರು, ಹೆಸರು ಮಾತ್ರ ಭರಣಿಯಿಂದ ಭರಣಿಗೆ ಸಾಗಿ ಬಂದಿದೆ. ಮಿಡಿ ಕೊಳ್ಳುವ ನಾವೂ ಅದನ್ನು ಹಾಗೆಯೇ ಕೇಳಿ ಪಡೆಯುತ್ತೇವೆ.

ಎಲ್ಲ ಬೆಳೆಗಾರರಿಗೂ ಈ ಭಾಗ್ಯವಿಲ್ಲ. ದಿನಸಿ ಅಂಗಡಿಯಲ್ಲಿ ಎಚ್.ಎಂ.ಟಿ. ಅಕ್ಕಿ ಎಂದು ಕೇಳುತ್ತೇವಲ್ಲ, ಅದರ ಕಥೆ ನೋಡಿ.

ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ನಾಂದೇಡ್ ಎಂಬ ಹಳ್ಳಿಯಲ್ಲಿ ದಾದಾಜಿ ರಾಮಾಜಿ ಖೋಬ್ರಾಗಡೆ ಎಂಬ ಸಣ್ಣ ರೈತರಿದ್ದರು. ಓದಿದ್ದು ಮೂರನೆಯ ತರಗತಿಯವರೆಗೆ. (ನನ್ನಂಥ ಮೇಷ್ಟರಮ್ಮಂದಿರು ಇಲ್ಲಿ ಸ್ವಲ್ಪ ತಲೆ ತಗ್ಗಿಸಬೇಕು.) 1983ರಲ್ಲಿ ಅವರ ಗದ್ದೆಯಲ್ಲಿದ್ದದ್ದು ‘ಪಟೇಲ್-3’ ಎಂಬ ಭತ್ತ. ಜಬಲ್ಪುರದ ಕೃಷಿ ವಿಜ್ಞಾನಿ ಜೆ.ಪಿ. ಪಟೇಲರು ಬೆಳೆಸಿದ ತಳಿ, ಅವರದೇ ಹೆಸರು. ಆ ಪೈರಿನ ನಡುವೆ ಕೆಲವು ತೆನೆಗಳು ಬೇರೆಯೇ ಬಗೆಯಾಗಿ, ಹಳದಿ ಛಾಯೆಯ ಕಾಳು ಹೊತ್ತು ನಿಂತಿದ್ದವು. ಬೇರೆಯವರಾಗಿದ್ದರೆ ಎಲ್ಲದರ ಜೊತೆ ಕೊಯ್ದು ಬಡಿದುಬಿಡುತ್ತಿದ್ದರು. ದಾದಾಜಿ ಆ ತೆನೆಗಳನ್ನು ಪ್ರತ್ಯೇಕ ಆರಿಸಿಟ್ಟರು. ಮರುವರ್ಷ ಗದ್ದೆಯ ನಡುವೆ ಬೇರೆ ಪಾತಿಯಲ್ಲಿ ಬಿತ್ತಿ, ಕಾಡುಹಂದಿ ನುಗ್ಗದಂತೆ ಸುತ್ತ ಮುಳ್ಳು ಹಾಕಿದರು. ಹೀಗೆ ವರ್ಷ ವರ್ಷವೂ ಆರಿಸಿ ಬಿತ್ತುತ್ತ ಹೋದಾಗ ಸಣ್ಣ ಕಾಳಿನ, ಉಣ್ಣಲು ರುಚಿಯಾದ ಅಕ್ಕಿಯ ತಳಿಯೊಂದು ನಿಂತಿತು.

1990ರ ಸುಮಾರಿಗೆ ಆ ಭತ್ತ ಹತ್ತಿರದ ತಳೋಧಿ ಪೇಟೆಗೆ ಬಂತು. ಹೆಸರೇನು ಎಂದರೆ ಹೆಸರಿಲ್ಲ. ಆ ಕಾಲಕ್ಕೆ ಜನಪ್ರಿಯವಾಗಿದ್ದ ಕೈಗಡಿಯಾರ ನಮ್ಮ ಬೆಂಗಳೂರಿನ ಎಚ್.ಎಂ.ಟಿ. ವ್ಯಾಪಾರಿಯೊಬ್ಬರು ಆ ಹೆಸರನ್ನೇ ಭತ್ತಕ್ಕೂ ಅಂಟಿಸಿಬಿಟ್ಟರು. ವಿಜ್ಞಾನಿಯ ಹೆಸರಿನ ಭತ್ತದಿಂದ ಹುಟ್ಟಿದ್ದಕ್ಕೆ ಯಂತ್ರದ ಹೆಸರು ಬಂತು, ಹುಟ್ಟಿಸಿದ ರೈತನ ಹೆಸರು ಎಲ್ಲಿಯೂ ಇಲ್ಲ. 1994ರಲ್ಲಿ ಅಕೋಲಾದ ಕೃಷಿ ವಿಶ್ವವಿದ್ಯಾಲಯ ಅವರಿಂದ ಬೀಜ ಒಯ್ದು, 1998ರಲ್ಲಿ ‘ಪಿ.ಕೆ.ವಿ.-ಎಚ್.ಎಂ.ಟಿ.’ ಎಂದು ತನ್ನ ಹೆಸರಿನ ಅಕ್ಷರ ಸೇರಿಸಿ ಬಿಡುಗಡೆ ಮಾಡಿತು. ತಾನು ಬೀಜವನ್ನು ಶುದ್ಧಗೊಳಿಸಿದ್ದೇನೆ ಎಂಬುದು ಅದರ ವಾದ. ಆಗ ದೇಶದಲ್ಲಿ ರೈತನ ತಳಿಯನ್ನು ದಾಖಲಿಸುವ ಕಾನೂನೇ ಇರಲಿಲ್ಲ.

ಆ ಕಾನೂನು ಬಂದದ್ದು 2001ರಲ್ಲಿ. ರೈತರು ತಮ್ಮ ಹೊಲದಲ್ಲಿ ಬೆಳೆಸಿ ರೂಢಿಸಿಕೊಂಡ ತಳಿಯನ್ನು ಅವರ ಹೆಸರಿನಲ್ಲೇ ನೋಂದಾಯಿಸಬಹುದು. ಅದು ಉಳಿದ ತಳಿಗಳಿಗಿಂತ ಭಿನ್ನವಾಗಿರಬೇಕು, ಗದ್ದೆಯ ತುಂಬ ಒಂದೇ ರೂಪದಲ್ಲಿರಬೇಕು, ವರ್ಷದಿಂದ ವರ್ಷಕ್ಕೆ ಬದಲಾಗಬಾರದು. ದಾದಾಜಿ ಮುಳ್ಳುಬೇಲಿಯೊಳಗೆ ಪರೀಕ್ಷಿಸಿದ್ದೂ ಇದನ್ನೇ ಅಲ್ಲವೆ! ನೋಂದಣಿಯಾದ ತಳಿಯ ಹೆಸರನ್ನು ಬೇರೆ ತಳಿಗೆ ಸುಳ್ಳಾಗಿ ಹಚ್ಚಿದರೆ ಸೆರೆವಾಸವೋ ದಂಡವೋ ಆಗಬಹುದು. ಆದರೂ ರೈತ ತನ್ನ ಬೆಳೆಯ ಬೀಜವನ್ನು ಉಳಿಸಿಕೊಳ್ಳಬಹುದು, ನೆರೆಯವನಿಗೆ ಕೊಡಬಹುದು, ಮಾರಲೂಬಹುದು. ಬ್ರ್ಯಾಂಡಿನ ಚೀಟಿ ಹಚ್ಚಿ ಮಾರುವಂತಿಲ್ಲ, ಅಷ್ಟೆ.

ಹೆಸರಿನ ವಿಷಯದಲ್ಲಿ ಈ ಕಾನೂನು ಬಹಳ ಮಡಿ. ಬರಿಯ ಅಂಕಿ ಹೆಸರಾಗದು. ಅದೇ ಜಾತಿಯ ಮತ್ತೊಂದು ತಳಿಯ ಹೆಸರು ಇಡುವಂತಿಲ್ಲ. ಊರಿನ ಹೆಸರೂ ಸಾಮಾನ್ಯವಾಗಿ ಒಪ್ಪಿಗೆಯಾಗದು, ಅದರ ಬಳಕೆ ಪ್ರಾಮಾಣಿಕವೆಂದು ನೋಂದಣಿ ಅಧಿಕಾರಿಗೆ ಅನಿಸಿದರೆ ಮಾತ್ರ ಸರಿ. 1999ರ ಭೌಗೋಳಿಕ ಸೂಚಕ ಕಾನೂನಿನ ರೀತಿಯೇ ಬೇರೆ. ಅಲ್ಲಿ ನೆಲದ ನಂಟೇ ಮುಖ್ಯ. ಮಲೆನಾಡಿನ ಅಪ್ಪೆಮಿಡಿಗೆ ಸಿಕ್ಕಿರುವುದು ಆ ಬಗೆಯ ರಕ್ಷಣೆ. ಅದು ಆ ಸೀಮೆಯ ಬೆಳೆಗಾರರೆಲ್ಲರ ಸೊತ್ತು, ಅನಂತಭಟ್ಟರೊಬ್ಬರದಲ್ಲ.

ದಾದಾಜಿ ಎಚ್.ಎಂ.ಟಿ.ಗೇ ನಿಲ್ಲಲಿಲ್ಲ, ಇನ್ನೂ ಹಲವು ತಳಿಗಳನ್ನು ಆರಿಸಿದರು. ಈ ಸಲ ಹೆಸರಿಡಲು ಪೇಟೆಗೆ ಬಿಡಲಿಲ್ಲ. ನಾಂದೇಡ್-92, ನಾಂದೇಡ್ ಹೀರಾ ಎಂದು ಹಳ್ಳಿಯ ಹೆಸರಿಟ್ಟರು, ಡಿ.ಆರ್.ಕೆ. ಎಂದು ತಮ್ಮ ಮೂರು ಅಕ್ಷರವನ್ನೂ ಇಟ್ಟರು. ನಾಂದೇಡ್ ಎಂದರೆ ಹೊರಗಿನವರಿಗೆ ನೆನಪಾಗುವುದು ಗೋದಾವರಿ ದಂಡೆಯ ದೊಡ್ಡ ನಗರ, ಈ ಪುಟ್ಟ ಹಳ್ಳಿಯಲ್ಲ. ಕಾನೂನು ಊರಿನ ಹೆಸರಿಗೆ ಅನುಮಾನ ಪಡುವುದು ಇಂಥ ಗೊಂದಲಕ್ಕೇ ಇರಬೇಕು. ಡಿ.ಆರ್.ಕೆ.ಗೆ ಆ ತೊಡಕಿಲ್ಲ.

ಎಚ್.ಎಂ.ಟಿ. ವಾಚಿನ ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರ 2016ರ ಜನವರಿಯಲ್ಲಿ ಒಪ್ಪಿತು. ದಾದಾಜಿ ತೀರಿಕೊಂಡದ್ದು 2018ರ ಜೂನ್ 3ರಂದು. ಅಂಗಡಿಯ ಚೀಲದ ಮೇಲೆ ಆ ಮೂರು ಇಂಗ್ಲಿಷ್ ಅಕ್ಷರಗಳು ಈಗಲೂ ಇವೆ.