ಗೌಸ್ ಮೇಲ್ಮೈಯ ಆಯ್ಕೆ: ಅನಂತ ಹಾಳೆ ಮತ್ತು ಉದ್ದ ತಂತಿ

ಗೌಸ್ ಮೇಲ್ಮೈ ಎಂಬುದು ವಿದ್ಯುತ್ ಕ್ಷೇತ್ರವನ್ನು ಲೆಕ್ಕಹಾಕಲು ನಾವು ಕಲ್ಪಿಸಿಕೊಳ್ಳುವ ಮುಚ್ಚಿದ ಮೇಲ್ಮೈ. ಅಲ್ಲಿ ಯಾವ ವಸ್ತುವೂ ಇರಬೇಕಾಗಿಲ್ಲ. ಮುಚ್ಚಿದ ಮೇಲ್ಮೈಯ ಮೂಲಕ ಹೊರಬರುವ ಒಟ್ಟು ಫ್ಲಕ್ಸ್, ಒಳಗಿರುವ ಒಟ್ಟು ಆವೇಶವನ್ನು ε₀ನಿಂದ ಭಾಗಿಸಿದಷ್ಟಿರುತ್ತದೆ ಎಂಬುದು ಗೌಸ್ ನಿಯಮ. ಮೇಲ್ಮೈ ಯಾವ ಆಕಾರದ್ದಾದರೂ ನಿಯಮ ಸುಳ್ಳಾಗುವುದಿಲ್ಲ. ಆದರೆ ಅದರಿಂದ ಸಿಗುವುದು ಒಟ್ಟು ಮೊತ್ತ ಮಾತ್ರ. ಒಂದು ಬಿಂದುವಿನಲ್ಲಿ ಕ್ಷೇತ್ರ ಎಷ್ಟಿದೆ, ಯಾವ ದಿಕ್ಕಿಗಿದೆ ಎಂದು ಅದು ಹೇಳುವುದಿಲ್ಲ. ಆ ಕೊರತೆಯನ್ನು ತುಂಬುವುದು ಸಮಮಿತಿ. ಪಠ್ಯಪುಸ್ತಕಗಳಲ್ಲಿ ಇವೆರಡೂ ಒಂದೇ ಪುಟದಲ್ಲಿ ಬರುತ್ತವೆ, ಚರಿತ್ರೆಯಲ್ಲಿ ಮಾತ್ರ ಬೇರೆ ಬೇರೆ ದಾರಿಯಲ್ಲಿ ಬಂದವು.

ಗೌಸ್ ನಿಯಮದ ಹಿಂದಿನ ಪ್ರಮೇಯ ಹುಟ್ಟಿದ್ದು ವಿದ್ಯುತ್ತಿಗಾಗಿ ಅಲ್ಲ, ಗುರುತ್ವಕ್ಕಾಗಿ. ಲಗ್ರಾಂಜ್ 1773ರಲ್ಲೂ ಕಾರ್ಲ್ ಫ್ರೆಡ್ರಿಕ್ ಗೌಸ್ 1813ರಲ್ಲೂ ಇದನ್ನು ಮುಟ್ಟಿದ್ದು ದೀರ್ಘವೃತ್ತಜಗಳ ಆಕರ್ಷಣೆಯನ್ನು ಲೆಕ್ಕಹಾಕುವಾಗ. ಈ ನಡುವೆ 1785ರಲ್ಲಿ ಕೂಲಂಬ್ ತಿರುಚು ತಕ್ಕಡಿಯಿಂದ ವಿದ್ಯುತ್ ಬಲಕ್ಕೂ ವಿಲೋಮ ವರ್ಗ ನಿಯಮವೇ ಅನ್ವಯಿಸುತ್ತದೆ ಎಂದು ತೋರಿಸಿದ್ದ. ಹೀಗಾಗಿ ಗುರುತ್ವದ ಗಣಿತ ವಿದ್ಯುತ್ತಿಗೂ ಒದಗಿತು. ಮುಂದೆ ಫ್ಯಾರಡೆ ಬಲರೇಖೆಗಳ ಚಿತ್ರ ಕೊಟ್ಟ. ವಿಲಿಯಂ ಥಾಮ್ಸನ್ 1842ರಲ್ಲಿ ವಿದ್ಯುತ್ ಬಲವನ್ನು ಘನವಸ್ತುವಿನಲ್ಲಿ ಹರಿಯುವ ಶಾಖಕ್ಕೆ ಹೋಲಿಸಿದ. ಮೇಲ್ಮೈಯೊಂದನ್ನು ದಾಟಿ ಏನೋ ಹೊರಗೆ ಹೋಗುತ್ತಿದೆ ಎಂದು ಯೋಚಿಸುವ ಅಭ್ಯಾಸ ಬೆಳೆದದ್ದು ಈ ಕಾಲದಲ್ಲಿ. ಮ್ಯಾಕ್ಸ್‌ವೆಲ್ 1873ರ ತನ್ನ ಮಹಾಗ್ರಂಥದಲ್ಲಿ ಸಮಾಂತರ ಸಮತಲ, ಏಕಕೇಂದ್ರ ಗೋಳ, ಏಕಾಕ್ಷ ಸಿಲಿಂಡರ್ ಈ ಮೂರನ್ನೂ ಸರಳ ಪ್ರಕರಣಗಳೆಂದು ಒಟ್ಟಿಗೆ ಇಟ್ಟ.

ಈ ಮೂರೇ ಏಕೆ ಸರಳ ಎಂಬುದಕ್ಕೆ ಸಾಮಾನ್ಯ ರೂಪದ ಉತ್ತರವನ್ನು 1894ರಲ್ಲಿ ಪಿಯರ್ ಕ್ಯೂರಿ ಕೊಟ್ಟ: ಕಾರಣದಲ್ಲಿರುವ ಸಮಮಿತಿ ಪರಿಣಾಮದಲ್ಲೂ ಇರಲೇಬೇಕು. ಆವೇಶದ ಹಂಚಿಕೆಯನ್ನು ಸರಿಸಿದರೂ ತಿರುಗಿಸಿದರೂ ಕನ್ನಡಿಯಲ್ಲಿ ನೋಡಿದರೂ ಅದು ಹಾಗೆಯೇ ಕಂಡರೆ, ಅದರ ಕ್ಷೇತ್ರವೂ ಹಾಗೆಯೇ ಕಾಣಬೇಕು.

ಎಲ್ಲೆಡೆ ಒಂದೇ ಸಾಂದ್ರತೆಯ (σ) ಆವೇಶವಿರುವ ಅನಂತ ಹಾಳೆಯನ್ನು ತೆಗೆದುಕೊಳ್ಳೋಣ. ಅದನ್ನು ತನ್ನದೇ ಸಮತಲದಲ್ಲಿ ಎತ್ತ ಸರಿಸಿದರೂ ಬದಲಾವಣೆ ಕಾಣದು. ಆದ್ದರಿಂದ ಕ್ಷೇತ್ರ ಹಾಳೆಯಿಂದಿರುವ ದೂರವೊಂದನ್ನೇ ಅವಲಂಬಿಸಬಹುದು. ಲಂಬರೇಖೆಯ ಸುತ್ತ ತಿರುಗಿಸಿದರೂ ಬದಲಾಗದ ಕಾರಣ, ಕ್ಷೇತ್ರ ಯಾವುದೋ ಒಂದು ಪಕ್ಕಕ್ಕೆ ವಾಲುವಂತಿಲ್ಲ. ನೇರ ಲಂಬವಾಗಿಯೇ ಇರಬೇಕು. ಹಾಳೆಯನ್ನೇ ಕನ್ನಡಿಯೆಂದುಕೊಂಡರೆ ಎರಡೂ ಬದಿಗಳಲ್ಲಿ ಕ್ಷೇತ್ರದ ಪ್ರಮಾಣ ಸಮ, ದಿಕ್ಕು ವಿರುದ್ಧ. ಇಷ್ಟು ಗೊತ್ತಾದ ಮೇಲೆ ಹಾಳೆಯನ್ನು ತೂರಿ ನಿಲ್ಲುವ, ಎರಡೂ ಕಡೆ ಸಮನಾಗಿ ಚಾಚಿದ ಚಿಕ್ಕ ಡಬ್ಬಿ ಸಾಕು. ಅದರ ತಳ ದುಂಡಗಿದ್ದರೂ ಚೌಕವಾಗಿದ್ದರೂ ಒಂದೇ. ಪಕ್ಕದ ಗೋಡೆಗಳ ಮೂಲಕ ಫ್ಲಕ್ಸ್ ಶೂನ್ಯ, A ವಿಸ್ತೀರ್ಣದ ಎರಡು ತುದಿಗಳ ಮೂಲಕ 2EA, ಒಳಗಿನ ಆವೇಶ σA. ಆದ್ದರಿಂದ E = σ/2ε₀. ಡಬ್ಬಿಯನ್ನು ಎಷ್ಟೇ ಉದ್ದ ಮಾಡಿದರೂ ತುದಿಗಳ ವಿಸ್ತೀರ್ಣ ಬೆಳೆಯುವುದಿಲ್ಲ; ದೂರ ಹೋದರೂ ಕ್ಷೇತ್ರ ಕುಗ್ಗದಿರುವುದಕ್ಕೆ ಅದೇ ಕಾರಣ.

ತಂತಿಯ ವಾದ ತುಸು ಸೂಕ್ಷ್ಮ. ಉದ್ದಕ್ಕೆ ಸರಿಸುವುದು ಮತ್ತು ಅಕ್ಷದ ಸುತ್ತ ತಿರುಗಿಸುವುದು, ಈ ಎರಡರಿಂದ ತಿಳಿಯುವುದು ಕ್ಷೇತ್ರದ ಪ್ರಮಾಣ ತಂತಿಯಿಂದಿರುವ ದೂರ r ಒಂದನ್ನೇ ಅವಲಂಬಿಸುತ್ತದೆ ಎಂಬುದಷ್ಟೇ. ಕ್ಷೇತ್ರ ತಂತಿಯನ್ನು ಸುತ್ತುವರಿದಿದ್ದರೂ ಈ ಎರಡು ಸಮಮಿತಿಗಳಿಗೆ ಭಂಗ ಬರುವುದಿಲ್ಲ. ಆ ಸಾಧ್ಯತೆಯನ್ನು ತಳ್ಳಿಹಾಕುವುದು ತಂತಿಯನ್ನು ಒಳಗೊಂಡ ಕನ್ನಡಿ. ತಂತಿಯ ಉದ್ದಕ್ಕೆ ವಾಲುವುದನ್ನು ತಳ್ಳಿಹಾಕುವುದು ತಂತಿಗೆ ಲಂಬವಾದ ಕನ್ನಡಿ. ಬಹಳಷ್ಟು ಪುಸ್ತಕಗಳು ಈ ಹೆಜ್ಜೆಯನ್ನು ‘ಸಮಮಿತಿಯಿಂದ’ ಎಂಬ ಒಂದೇ ಪದದಲ್ಲಿ ಹಾರಿಸಿಬಿಡುತ್ತವೆ. ಹಾರಿಸಬಾರದ ಹೆಜ್ಜೆ ಇದು. ಅದೇ ತಂತಿಯಲ್ಲಿ ವಿದ್ಯುತ್ ಹರಿದಾಗ ಕಾಂತಕ್ಷೇತ್ರ ತಂತಿಯನ್ನು ಸುತ್ತಿಯೇ ಇರುತ್ತದೆ. ಕನ್ನಡಿಯ ಎದುರು ಕಾಂತಕ್ಷೇತ್ರದ ವರ್ತನೆ ವಿದ್ಯುತ್ ಕ್ಷೇತ್ರದಂತಲ್ಲ ಎಂಬುದನ್ನು ಕ್ಯೂರಿಯ ಅದೇ 1894ರ ಪ್ರಬಂಧ ಸ್ಪಷ್ಟಪಡಿಸಿತು.

ಕ್ಷೇತ್ರ ತಂತಿಯಿಂದ ನೇರ ಹೊರಮುಖವಾಗಿದೆ ಎಂದಾದ ಮೇಲೆ ಮೇಲ್ಮೈ ತಾನಾಗಿ ನಿರ್ಧಾರವಾಗುತ್ತದೆ: ತಂತಿಯನ್ನೇ ಅಕ್ಷವಾಗಿಸಿಕೊಂಡ, L ಉದ್ದದ ಸಿಲಿಂಡರ್. ಇಲ್ಲಿ ಹಾಳೆಯ ಪ್ರಕರಣ ತಿರುವುಮುರುವಾಗುತ್ತದೆ. ಮುಚ್ಚಳಗಳ ಮೂಲಕ ಫ್ಲಕ್ಸ್ ಶೂನ್ಯ, ಎಲ್ಲವೂ ಬಾಗಿದ ಗೋಡೆಯ ಮೂಲಕವೇ. ತಂತಿಯ ಏಕಮಾನ ಉದ್ದದ ಆವೇಶ λ ಆದರೆ E × 2πrL = λL/ε₀, ಆದ್ದರಿಂದ E = λ/2πε₀r. ಗೋಡೆಯ ವಿಸ್ತೀರ್ಣ r ಜೊತೆ ಬೆಳೆಯುವುದರಿಂದ ಕ್ಷೇತ್ರ ಅಷ್ಟೇ ಪ್ರಮಾಣದಲ್ಲಿ ಕುಗ್ಗುತ್ತದೆ. ಸಿಲಿಂಡರಿನ ಬದಲು ಚೌಕದ ಪೆಟ್ಟಿಗೆ ಇಟ್ಟರೂ ಒಟ್ಟು ಫ್ಲಕ್ಸ್ ಅಷ್ಟೇ. ಆದರೆ ಅದರ ಮುಖಗಳ ಮೇಲೆ E ಒಂದೇ ಸಮನಿಲ್ಲದ ಕಾರಣ ಅದನ್ನು ಅನುಕಲನದಿಂದ ಹೊರಗೆ ತರಲಾಗದು. ಸಮೀಕರಣ ನಿಜವಾಗಿಯೇ ಉಳಿಯುತ್ತದೆ, ಉತ್ತರ ಮಾತ್ರ ಸಿಗುವುದಿಲ್ಲ.

‘ಅನಂತ’ ಎಂಬ ಮಾತಿಗೆ ಎರಡೂ ಕಡೆ ಒಂದೇ ಬೆಲೆಯಿಲ್ಲ. 2 ಮೀಟರ್ ಉದ್ದದ ತಂತಿಯ ನಡುಭಾಗದಿಂದ 10 ಸೆಂಟಿಮೀಟರ್ ದೂರದಲ್ಲಿ ನಿಜವಾದ ಕ್ಷೇತ್ರ ಸೂತ್ರ ಹೇಳುವುದಕ್ಕಿಂತ ಶೇ. 0.5ರಷ್ಟು ಮಾತ್ರ ಕಡಿಮೆ. 2 ಮೀಟರ್ ವ್ಯಾಸದ ತಟ್ಟೆಯ ನಡುವಿನಿಂದ ಅಷ್ಟೇ ದೂರದಲ್ಲಿ ಕೊರತೆ ಸುಮಾರು ಶೇ. 10. ತಂತಿಯ ತಪ್ಪು ದೂರ ಮತ್ತು ಗಾತ್ರದ ಅನುಪಾತದ ವರ್ಗದಂತೆ ಬೆಳೆಯುತ್ತದೆ, ತಟ್ಟೆಯದು ಅನುಪಾತದಂತೆಯೇ. ತಟ್ಟೆಯ ಅಂಚಿನಾಚೆ ಇಲ್ಲದಿರುವ ಆವೇಶದ ಕೊಡುಗೆ ತಂತಿಯ ತುದಿಯಾಚೆಯದಕ್ಕಿಂತ ಬಹಳ ದೊಡ್ಡದು. ಇಲ್ಲಿ ಗೌಸ್ ನಿಯಮ ಸೋತಿತು ಎಂದುಕೊಳ್ಳುವುದು ತಪ್ಪು. ಸೋತದ್ದು ಸಮಮಿತಿ: ಕ್ಷೇತ್ರ ವಾಲಿ, ಶೂನ್ಯವೆಂದು ಬಿಟ್ಟ ಗೋಡೆ ಮುಚ್ಚಳಗಳ ಮೂಲಕವೂ ಫ್ಲಕ್ಸ್ ಹೊರಬೀಳುತ್ತದೆ.

ದ್ವಿತೀಯ ಪಿಯುಸಿ ಪುಸ್ತಕದಲ್ಲೂ ಈ ಎರಡು ಪ್ರಕರಣ ಒಂದರ ಹಿಂದೊಂದು ಬರುತ್ತವೆ. ಅಲ್ಲಿ ಎದುರಾಗುವ ಇನ್ನೊಂದು ಗೊಂದಲ σ/2ε₀ ಮತ್ತು σ/ε₀ಗಳದ್ದು. ಎರಡನೆಯದು ವಾಹಕದ ಮೇಲ್ಮೈಗೆ ಸಲ್ಲುತ್ತದೆ. ಅಲ್ಲಿ ಡಬ್ಬಿಯ ಒಂದು ತುದಿ ಲೋಹದೊಳಗೆ ಹೂತಿರುತ್ತದೆ, ಅಲ್ಲಿ ಕ್ಷೇತ್ರವಿಲ್ಲ, ಫ್ಲಕ್ಸ್ ಎಲ್ಲವೂ ಇನ್ನೊಂದು ತುದಿಯಿಂದಲೇ.

ಎರಡು ಮೇಲ್ಮೈಗಳೂ ಒಂದೇ ಉಪಕರಣದಲ್ಲಿ ಕೂಡುವುದು ಜಾರ್ಜ್ ಶಾರ್ಪಕ್ 1968ರಲ್ಲಿ ಸೆರ್ನ್‌ನಲ್ಲಿ ರೂಪಿಸಿದ ಬಹುತಂತಿ ಕಣಶೋಧಕದಲ್ಲಿ. ಅನಿಲ ತುಂಬಿದ ಪೆಟ್ಟಿಗೆಯೊಳಗೆ, ಎರಡು ಸಮತಲ ಕ್ಯಾಥೋಡ್‌ಗಳ ನಡುವೆ, ಒಂದೇ ಸಮತಲದಲ್ಲಿ ತೆಳುವಾದ ತಂತಿಗಳ ಸಾಲು. ತಂತಿಯ ವ್ಯಾಸ 20 ಮೈಕ್ರೊಮೀಟರ್, ತಂತಿಗಳ ನಡುವೆ 2 ಮಿಲಿಮೀಟರ್ ಅಂತರ ಎಂದಿಟ್ಟುಕೊಳ್ಳೋಣ. ಒಂದು ತಂತಿಗೆ ತೀರ ಹತ್ತಿರದಲ್ಲಿ ಅದರ ಸುತ್ತಿನ ಸಿಲಿಂಡರ್ ಸರಿಯಾದ ಮೇಲ್ಮೈ. ದೂರದಿಂದ ನೋಡಿದರೆ ಇಡೀ ಸಾಲು λ/s ಸಾಂದ್ರತೆಯ ಹಾಳೆ (s ಎಂದರೆ ತಂತಿಗಳ ಅಂತರ), ಆಗ ಡಬ್ಬಿಯೇ ಸರಿ. ಎರಡು ಸೂತ್ರಗಳೂ ಒಂದೇ ಬೆಲೆ ಕೊಡುವುದು r = s/π, ಅಂದರೆ 0.64 ಮಿಲಿಮೀಟರ್ ದೂರದಲ್ಲಿ. ತಂತಿಯ ನೇರ ಮೇಲೆ 2 ಮಿಲಿಮೀಟರ್ ಎತ್ತರಕ್ಕೆ ಹೋಗುವಷ್ಟರಲ್ಲಿ ಹಾಳೆಯ ಸೂತ್ರದ ತಪ್ಪು ಶೇ. 0.4ಕ್ಕೆ ಇಳಿದಿರುತ್ತದೆ. ತಂತಿಯ ಮೈಮೇಲಾದರೋ ಕ್ಷೇತ್ರ ಹಾಳೆಯ ಭಾಗದಲ್ಲಿರುವುದಕ್ಕಿಂತ ಸುಮಾರು 64 ಪಟ್ಟು ಹೆಚ್ಚು. ಕಣವೊಂದು ಬಿಡಿಸಿದ ಎಲೆಕ್ಟ್ರಾನುಗಳು ಸಮಕ್ಷೇತ್ರದಲ್ಲಿ ನಿಧಾನಕ್ಕೆ ತೇಲಿಬಂದು, ತಂತಿಯ ಬಳಿಯ ಆ ಪ್ರಬಲ ಕ್ಷೇತ್ರದಲ್ಲಿ ಅನಿಲವನ್ನು ಅಯಾನೀಕರಿಸುತ್ತ ಸಾವಿರಗಟ್ಟಲೆಯಾಗಿ ಹೆಚ್ಚುತ್ತವೆ. ಯಾವ ತಂತಿಯಲ್ಲಿ ಮಿಡಿತ ಕಂಡಿತೋ ಅದರ ಬಳಿ ಕಣ ಹಾದುಹೋಗಿದೆ ಎಂದರ್ಥ. ಈ ಶೋಧಕಕ್ಕಾಗಿ ಶಾರ್ಪಕ್‌ಗೆ 1992ರ ಭೌತವಿಜ್ಞಾನದ ನೊಬೆಲ್ ಬಹುಮಾನ ಬಂತು.