ಕೋರಂಟಿ, ಗೋರಂಟಿ

ಚಿಕ್ಕ ಹುಡುಗನೊಬ್ಬ ‘ಕ್ವಾರಂಟೈನ್’ ಎಂಬ ಪದ ಕೇಳಿ ಬೇರೇನನ್ನೋ ಕಲ್ಪಿಸಿಕೊಳ್ಳುವ ಸಣ್ಣಕಥೆಯ ಜೀವ ಇರುವುದು ಆ ‘ಬೇರೇನೋ’ದಲ್ಲಿ. ಹುಡುಗನಿಗೆ ಅದು ‘ಕ್ಯಾಂಟೀನ್’ ಎಂದು ಕೇಳಿಸಿದರೆ ಓದುಗ ಒಮ್ಮೆ ನಗುತ್ತಾನೆ, ಕಥೆ ಅಲ್ಲಿಗೆ ಮುಗಿಯುತ್ತದೆ. ಊಟ ಬಾಗಿಲಿಗೇ ಬರುವುದನ್ನು ಕ್ಯಾಂಟೀನ್ ವಿವರಿಸಬಹುದು. ಒಳಗಿರುವವರನ್ನು ಯಾರೂ ಮುಟ್ಟಬಾರದು ಎಂಬುದನ್ನು ಅದು ವಿವರಿಸಲಾರದು. ತಪ್ಪಾಗಿ ಕೇಳಿದ ಪದ ಹುಡುಗನ ಕಣ್ಣಿಗೆ ಬಿದ್ದದ್ದಕ್ಕೆಲ್ಲ ಒಂದೊಂದಾಗಿ ಅರ್ಥ ಕೊಡುತ್ತ ಹೋಗಬೇಕು. ಹಾಗೆ ಹೊಂದುವ ಪದವೊಂದು ಕನ್ನಡದಲ್ಲಿ ಮೊದಲೇ ಇದೆ; ಅದನ್ನು ತಲುಪುವ ದಾರಿ ಒಂದು ಆಸ್ಪತ್ರೆಯ ಹೆಸರಿನಿಂದ ಹೊರಡುತ್ತದೆ.

ಹೈದರಾಬಾದಿನ ನಲ್ಲಕುಂಟದಲ್ಲಿ ಅಂಟುರೋಗಗಳಿಗೆಂದೇ ಇರುವ ಸರ್ಕಾರಿ ಆಸ್ಪತ್ರೆಯಿದೆ. ಬೋರ್ಡಿನ ಮೇಲೆ ಇರುವುದು ರೊನಾಲ್ಡ್ ರಾಸ್ ಹೆಸರು. ಜನ ಅದನ್ನು ಫೀವರ್ ಆಸ್ಪತ್ರೆ ಎನ್ನುತ್ತಾರೆ, ಹಳಬರು ‘ಕೋರಂಟಿ ದವಾಖಾನೆ’ ಎನ್ನುತ್ತಾರೆ. ನಿಜಾಮರ ಕಾಲದ ಕ್ವಾರಂಟೈನ್ ಆಸ್ಪತ್ರೆ ಜನರ ನಾಲಿಗೆಯಲ್ಲಿ ತಳೆದ ರೂಪ ಅದು. ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳು 1956ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ದೊಡ್ಡ ಕಾಯಿಲೆಯಾದರೆ ಅಲ್ಲಿಯವರು ಇಂದಿಗೂ ಹೈದರಾಬಾದಿನ ದಾರಿ ಹಿಡಿಯುತ್ತಾರೆ. ಆ ಕಡೆಯ ಅಜ್ಜಿಯೊಬ್ಬಳು ಕ್ವಾರಂಟೈನ್‌ಗೆ ಕೋರಂಟಿ ಎಂದರೆ ಅವಳ ಬಾಯಲ್ಲಿ ಪದ ಕೆಟ್ಟಿತೆನ್ನಲಾಗದು. ಅದು ನೂರು ವರ್ಷ ಬಾಳಿ ಬಂದ ರೂಪ.

ಕೋರಂಟಿಯ ಪಕ್ಕದ ಮನೆಯ ಪದ ಗೋರಂಟಿ. ಕೆಲವು ಕಡೆ ಮದರಂಗಿ, ಈಚೆಗೆ ಎಲ್ಲ ಕಡೆಯೂ ಮೆಹಂದಿ. ಎಲೆ ಅರೆದು ಕೈಗೆ ಮೆತ್ತುವುದು ಕಡಿಮೆಯಾಗಿ ಕೋನ್ ಬಂದ ಮೇಲೆ ಗೋರಂಟಿ ಎಂಬ ಹೆಸರೂ ಹಿಂದೆ ಸರಿಯಿತು, ಇದು ನಷ್ಟವೇ. ತೆಲುಗಿನಲ್ಲಿ ಗೋರು ಎಂದರೆ ಉಗುರು, ಎಲೆಗೆ ಅಲ್ಲಿ ಗೋರಿಂಟಾಕು ಎನ್ನುತ್ತಾರೆ. ಗೋರಿಗೆ ಅಂಟುವುದು ಗೋರಂಟಿ ಎಂಬುದು ಇಲ್ಲಿ ಮುಂದಿಡುವ ಊಹೆ. ಸಂಸ್ಕೃತದ ಕುರಂಟಕ ಎಂಬ ಹೂವಿನ ಹೆಸರನ್ನು ತೋರಿಸಿ ಪಂಡಿತರು ಇದನ್ನು ತಳ್ಳಿಹಾಕಬಹುದು. ಆದರೆ ಕಿವಿಗೆ ಪಂಡಿತರ ಒಪ್ಪಿಗೆ ಬೇಕಿಲ್ಲ. ಗೋರಂಟಿಯಲ್ಲೂ ಕೋರಂಟಿಯಲ್ಲೂ ಕನ್ನಡದ ಕಿವಿಗೆ ‘ಅಂಟು’ ಕೇಳಿಸುತ್ತದೆ. ಒಂದು ಕೈಗೆ ಅಂಟುವ ಬಣ್ಣ, ಇನ್ನೊಂದು ಮೈಗೆ ಅಂಟುವ ಜಾಡ್ಯದ ಮನೆ. ಹೊರಗಿನಿಂದ ಬಂದ ಪದ ಮೊದಲೇ ಇರುವ ಪದದ ಮಗ್ಗುಲು ಹುಡುಕಿ ಮಲಗುತ್ತದೆ. ಹಾಸ್ಪಿಟಲ್ ಕನ್ನಡಕ್ಕೆ ಬಂದು ‘ಆಸ್ಪತ್ರೆ’ ಆದದ್ದು ಹಾಗೆಯೇ. ಅದರ ಬಾಲದಲ್ಲಿ ಮದ್ದಿನ ಪತ್ರೆ ಇದೆಯೆಂದು ಯಾರಿಗಾದರೂ ಅನಿಸಿದರೆ ತಪ್ಪೇನೂ ಇಲ್ಲ.

ಕ ಮತ್ತು ಗ ನಡುವಿನ ಅಂತರವನ್ನು ದಾಟಿಸುವುದು ಕನ್ನಡದ ವ್ಯಾಕರಣವೇ. ಮಳೆ ಮತ್ತು ಕಾಲ ಸೇರಿದರೆ ಮಳೆಗಾಲ, ಹುಲ್ಲು ಮತ್ತು ಕಾವಲು ಸೇರಿದರೆ ಹುಲ್ಲುಗಾವಲು. ಎರಡನೆಯ ಪದದ ಮೊದಲಿನ ಕಕಾರ ಗಕಾರವಾಗುವ ಇದನ್ನು ಶಾಲೆಯಲ್ಲಿ ಆದೇಶ ಸಂಧಿ ಎಂದು ಕಲಿಸುತ್ತಾರೆ. ಐದು ವರ್ಷದ ಮಗುವಿಗೆ ಹೆಸರು ಗೊತ್ತಿಲ್ಲ, ಸಂಧಿ ಗೊತ್ತು. ಆಶಾ ಕಾರ್ಯಕರ್ತೆ ‘ಹೋಂ ಕ್ವಾರಂಟೈನ್’ ಎಂದದ್ದನ್ನು ಅಜ್ಜಿ ‘ಮನಿ ಕೋರಂಟಿ’ ಮಾಡಿಕೊಂಡರೆ, ಬಿರುಸಾಗಿ ಆಡುವಾಗ ಅದು ‘ಮನಿಗೋರಂಟಿ’ ಆಗಿಯೇ ಆಗುತ್ತದೆ.

ಈ ನೆಲದ ಮೇಲೆ ಕಟ್ಟಬಹುದಾದ ಕಥೆ ಹೀಗಿದೆ. 2020ರ ಜೂನ್. ಕಲಬುರಗಿ ಜಿಲ್ಲೆಯ ಒಂದು ಹಳ್ಳಿ. ಹುಡುಗನ ಕಾಕಾ ಮುಂಬೈಯಿಂದ ಬಂದಿದ್ದಾನೆ. ಮಹಾರಾಷ್ಟ್ರದಿಂದ ಬಂದವರು ಆಗ ಏಳು ದಿನ ಸರ್ಕಾರ ಹೇಳಿದ ಜಾಗದಲ್ಲಿ, ಇನ್ನೇಳು ದಿನ ಮನೆಯಲ್ಲಿ ಬೇರೆಯಾಗಿ ಇರಬೇಕಿತ್ತು. ಕಾಕಾ ಊರಿನ ಶಾಲೆಯಲ್ಲಿ ಏಳು ದಿನ ಮುಗಿಸಿ, ಎಡಗೈ ಮೇಲೆ ಮುದ್ರೆ ಹಾಕಿಸಿಕೊಂಡು ಮನೆಗೆ ಬರುತ್ತಾನೆ. ಅಜ್ಜಿ ಬಾಗಿಲಲ್ಲೇ ತಡೆದು ಹುಡುಗನಿಗೆ ಹೇಳುತ್ತಾಳೆ: “ಕಾಕಾಂದು ಮನಿಗೋರಂಟಿ ಅದ. ಏಳ ದಿನ ಮುಟ್ಟಬ್ಯಾಡ.”

ಹುಡುಗ ಕೈ ನೋಡುತ್ತಾನೆ. ಕಪ್ಪು ನೇರಳೆ ಬಣ್ಣದ ಮುದ್ರೆ. ಅವನಿಗೆ ಎಲ್ಲ ತಿಳಿದುಹೋಗುತ್ತದೆ. ಹಿಂದಿನ ವರ್ಷ ಅತ್ತೆಯ ಲಗ್ನದಲ್ಲಿ ಅವನು ಇದನ್ನೆಲ್ಲ ಕಂಡಿದ್ದಾನೆ. ಗೋರಂಟಿ ಹಚ್ಚಿಕೊಂಡವರು ಮೂಲೆಯಲ್ಲಿ ಕೂರಬೇಕು, ಏನನ್ನೂ ಮುಟ್ಟಬಾರದು, ಮಕ್ಕಳು ಹತ್ತಿರ ಹೋದರೆ ಬೈಗಳು, ನೀರನ್ನೂ ಬೇರೆಯವರೇ ಕುಡಿಸಬೇಕು. ಕಾಕಾನಿಗೂ ಬೇರೆ ಕೋಣೆ, ಬೇರೆ ತಟ್ಟೆ, ಹೊಸ್ತಿಲಿನ ತನಕ ಬಂದು ನಿಲ್ಲುವ ರೊಟ್ಟಿ. “ಕಾಕಾನ ಲಗ್ನ ಯಾವಾಗ?” ಎಂದು ಹುಡುಗ ಕೇಳಿದಾಗ ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋಗುತ್ತಾಳೆ. ಮುಂಬೈಯಲ್ಲಿ ಕೆಲಸ ಹೋಗಿ ಬಂದವನ ಲಗ್ನದ ಮಾತು ಆ ಮನೆಯಲ್ಲಿ ಆಗ ಯಾರೂ ಆಡುತ್ತಿಲ್ಲ. ಇದನ್ನು ಕಥೆಗಾರ ಬಾಯಿಬಿಟ್ಟು ಹೇಳಬೇಕಿಲ್ಲ, ಸೆರಗು ಸಾಕು.

ಹುಡುಗನ ಕಲ್ಪನೆಗೆ ಒಂದೇ ಒಂದು ತೊಡಕು. ಅತ್ತೆಯ ಗೋರಂಟಿ ಅಂಗೈ ತುಂಬ ಇತ್ತು. ಕಾಕಾನ ಅಂಗೈ ಖಾಲಿ, ಬಣ್ಣ ಇರುವುದು ಹಿಂಗೈ ಮೇಲೆ. ಇಲ್ಲಿ ‘ಅಂಗೈ ಹುಣ್ಣಿಗೆ ಕನ್ನಡಿ ಬೇಕೆ’ ಎಂಬ ಗಾದೆಯ ಹತ್ತಿರ ಸ್ವಲ್ಪ ಹೊತ್ತು ನಿಲ್ಲಬೇಕು. ಎದ್ದು ಕಾಣುವುದಕ್ಕೆ ಸಾಕ್ಷಿ ಬೇಡ ಎಂದು ಮಾತ್ರ ಇದನ್ನು ಈಗ ಬಳಸುತ್ತಾರೆ, ವಾದ ಗೆಲ್ಲಲು ಬಳಸಿ ಬಳಸಿ ಅದರೊಳಗಿನ ಕೈಯೇ ಮರೆತುಹೋಗಿದೆ. ಗಾದೆ ಅಂಗೈಯನ್ನು ಆರಿಸಿಕೊಂಡದ್ದಕ್ಕೆ ಕಾರಣವಿದೆ. ಬೆನ್ನಿನ ಹುಣ್ಣು ಬೇರೆಯವರಿಗೆ ಕಾಣುತ್ತದೆ, ತನಗೆ ಕಾಣದು. ಮುಖದ ಹುಣ್ಣಿಗೆ ಕನ್ನಡಿ ಬೇಕೇ ಬೇಕು. ಅಂಗೈ ಮಾತ್ರ ತನ್ನ ಕಣ್ಣಿಗೆ ತಾನೇ ಹಿಡಿದುಕೊಳ್ಳಬಹುದಾದ, ಮುಚ್ಚಿದರೆ ಬೇರೆಯವರಿಗೆ ಕಾಣದ ಜಾಗ. ಅದು ಸ್ವಂತದ ಜಾಗ. ಮದುವಣಗಿತ್ತಿ ಬಣ್ಣ ಎಷ್ಟು ಏರಿತೆಂದು ಮತ್ತೆ ಮತ್ತೆ ಬಿಡಿಸಿ ನೋಡುವುದು ಅದನ್ನೇ. ಹಿಂಗೈ ಹಾಗಲ್ಲ; ಮುಷ್ಟಿ ಕಟ್ಟಿದರೂ ಅದು ಊರಿಗೆ ಕಾಣುತ್ತದೆ. ಮುದ್ರೆಯನ್ನು ಹಿಂಗೈಗೆ ಒತ್ತಿದ್ದು ಬಸ್ಸಿನಲ್ಲಿ, ಅಂಗಡಿಯಲ್ಲಿ ಮಂದಿ ಗುರುತಿಸಲಿ ಎಂದೇ. ಹುಡುಗ ತನ್ನ ಬುದ್ಧಿಗೆ ತೋಚಿದಂತೆ ಇದನ್ನು ಬಿಡಿಸಿಕೊಳ್ಳುತ್ತಾನೆ: ಹೆಣ್ಣಿಗೆ ಅಂಗೈ, ಗಂಡಿಗೆ ಹಿಂಗೈ.

ಬಣ್ಣಗಳೂ ಅವನ ಪರವಾಗಿಯೇ ನಡೆದುಕೊಳ್ಳುತ್ತವೆ. ಗೋರಂಟಿಯ ಎಲೆಯಲ್ಲಿರುವ ಲಾಸೋನ್ ಎಂಬ ವಸ್ತು ಚರ್ಮದ ಮೇಲ್ಪದರದ ಕೆರಾಟಿನ್‌ಗೆ ಅಂಟಿಕೊಳ್ಳುತ್ತದೆ. ಕಲ್ಕ ಒಣಗಿ ಉದುರಿದಾಗ ಕಿತ್ತಳೆ ಬಣ್ಣ, ಒಂದೆರಡು ದಿನದಲ್ಲಿ ಕಡುಗೆಂಪು. ಮುದ್ರೆಯ ಶಾಯಿಯಾದರೋ ಮತ ಹಾಕಿದವರ ಬೆರಳಿಗೆ ಹಚ್ಚುವಂಥ ಅಳಿಸಲಾಗದ ಶಾಯಿ. 1962ರಿಂದ ಚುನಾವಣೆಗೆ ಅದನ್ನು ಒದಗಿಸುತ್ತಿರುವುದು ಮೈಸೂರಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆ. ಕ್ವಾರಂಟೈನ್ ಮುದ್ರೆಗೆ ಅಳಿಸಲಾಗದ ಶಾಯಿ ಬಳಸಲು ಚುನಾವಣಾ ಆಯೋಗ 2020ರ ಮಾರ್ಚ್‌ನಲ್ಲಿ ಒಪ್ಪಿತು. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮದ ಉಪ್ಪಿನೊಡನೆ ಕೂಡಿ, ಬೆಳಕು ಬಿದ್ದಂತೆ ಕಪ್ಪಾಗುತ್ತದೆ. ಎರಡನ್ನೂ ಸೋಪು ತೊಳೆಯಲಾರದು. ಮೇಲ್ಪದರದ ಚರ್ಮ ದಿನದಿನಕ್ಕೆ ಉದುರಿ ಹೊಸದು ಬಂದಾಗಲೇ ಎರಡೂ ಹೋಗುತ್ತವೆ, ಅದಕ್ಕೆ ಒಂದೆರಡು ವಾರ ಬೇಕು. ಬಣ್ಣ ಹೋದ ದಿನ ಕಾಕಾ ಹೊರಗೆ ಬರುತ್ತಾನೆ ಎಂಬ ಹುಡುಗನ ಲೆಕ್ಕ ಹೀಗೆ ನಿಜದ ಲೆಕ್ಕಕ್ಕೆ ತೀರ ಹತ್ತಿರವಿದೆ.

ಕಥೆ ತಿರುಗುವುದು ಮೂರನೆಯ ದಿನ. ಹಿತ್ತಲಿನ ಬೇಲಿಯಿಂದ ಹುಡುಗ ಗೋರಂಟಿಯ ಎಲೆ ಕಿತ್ತು, ಕಲ್ಲಿನ ಮೇಲೆ ಜಜ್ಜಿ, ಚಹಾದ ಬಟ್ಟಲು ಬೋರಲಾಗಿಟ್ಟು ಗುಂಡಗೆ ಗುರುತು ಮಾಡಿಕೊಂಡು ಎಡಗೈಯ ಹಿಂಬದಿಗೆ ಮೆತ್ತಿಕೊಳ್ಳುತ್ತಾನೆ. ಹಸಿರು ನೀರು ಮೊಳಕೈ ತನಕ ಇಳಿಯುತ್ತದೆ. ಕೈ ಚಾಚಿಕೊಂಡೇ ಹೋಗಿ ಕಾಕಾನ ಹೊಸ್ತಿಲಲ್ಲಿ ನಿಲ್ಲುತ್ತಾನೆ: “ನಂಗೂ ಹಾಕ್ಯಾರ. ಒಳಗ ಬರ್ಲೇನು?”

ಇಲ್ಲಿ ಕಥೆಗಾರ ಎಡವುವುದು ಸುಲಭ. ಕಾಕಾ ನಕ್ಕು ತಿದ್ದಿದರೆ ಹುಡುಗ ಸಣ್ಣವನಾಗುತ್ತಾನೆ, ಅತ್ತುಬಿಟ್ಟರೆ ಕಥೆ ನಾಟಕವಾಗುತ್ತದೆ. ಹುಡುಗನ ಪದದೊಳಗೇ ನಿಂತು ಕಾಕಾ ಉತ್ತರ ಕೊಡಬೇಕು. ಅವನು ಗೋಡೆಗೆ ಸರಿದು ನಿಂತು ಹೇಳುತ್ತಾನೆ: “ಹಸಿ ಅದಲ್ಲೋ. ಒಣಗಲಿ, ಆಮ್ಯಾಲ ಬರುವಂತಿ.” ಹುಡುಗನಿಗೆ ಇದು ನ್ಯಾಯವೆನಿಸುತ್ತದೆ. ಹಸಿ ಗೋರಂಟಿಯಲ್ಲಿ ಯಾರೂ ಯಾರನ್ನೂ ಮುಟ್ಟುವುದಿಲ್ಲ. ಅವನು ಹೊಸ್ತಿಲ ಈಚೆ ಕೂರುತ್ತಾನೆ, ಕಾಕಾ ಆಚೆ ಕೂರುತ್ತಾನೆ. ಏಳು ದಿನ ಕಳೆದು ಕಾಕಾ ಹೊರಬಂದಾಗ ಅವನ ಮುದ್ರೆ ಮಾಸಿದೆ, ಹುಡುಗನ ಕೈ ಇನ್ನೂ ಕೆಂಪಗಿದೆ. ಹುಡುಗ ತಾನೇ ಎದ್ದು ಆ ಕೋಣೆಯೊಳಗೆ ಹೋಗಿ ಕೂರುತ್ತಾನೆ.

ಈ ಕಥೆ ‘ಕ್ವಾರಂಟೈನ್’ ಎಂಬ ರೂಪದಿಂದ ಹುಟ್ಟುತ್ತಿರಲಿಲ್ಲ. 2020ರಲ್ಲಿ ಪತ್ರಿಕೆ, ಟಿವಿ, ಸರ್ಕಾರಿ ಪ್ರಕಟಣೆ ಎಲ್ಲ ಸೇರಿ ಆ ಪದವನ್ನು ಇಂಗ್ಲಿಷಿನ ಉಚ್ಚಾರದಲ್ಲೇ ಕೂರಿಸಿದವು. ನೂರು ವರ್ಷ ನಾಲಿಗೆಯಲ್ಲಿ ಸವೆದು ನುಣುಪಾಗಿದ್ದ ಕೋರಂಟಿಯನ್ನು ಕೇಳುವವರಿರಲಿಲ್ಲ. ರಾಜ್ಯಕ್ಕೆ ಬರುವವರ ಕೈಗೆ ಮುದ್ರೆ ಒತ್ತುವುದು 2020ರ ಆಗಸ್ಟ್ ಕೊನೆಗೆ ನಿಂತುಹೋಯಿತು. ಪದವಾದರೂ ನಿಲ್ಲದಿರಲಿ. ಬೀದರ್, ಕಲಬುರಗಿ, ರಾಯಚೂರು ಕಡೆಯ ಮನೆಗಳಲ್ಲಿ ಕೋರಂಟಿ ಎನ್ನುವ ಹಿರಿಯರು ಇದ್ದರೆ, ಅವರು ಅದನ್ನು ಯಾವ ಮಾತಿನ ನಡುವೆ ಹೇಗೆ ಆಡುತ್ತಾರೆಂಬುದನ್ನು ಊರಿನ ಹೆಸರಿನ ಸಮೇತ ಮನೆಯವರು ಈಗಲೇ ಬರೆದಿಟ್ಟುಕೊಳ್ಳಬೇಕು.