ಬಳ್ಳಾರಿ ಯಾರದ್ದು? ಒಂದು ಜಿಲ್ಲೆಯನ್ನ ಭಾಷೆ ಹೇಗೆ ಹೋಳು ಮಾಡ್ತು

ಬಳ್ಳಾರಿಯಿಂದ ರಾಯದುರ್ಗದ ಕಡೆ ಬಸ್ಸಲ್ಲಿ ಹೋಗಿದ್ದೀರಾ? ಸ್ವಲ್ಪ ಹೊತ್ತಿನಲ್ಲೇ ಬೋರ್ಡುಗಳು ತೆಲುಗಿಗೆ ತಿರುಗ್ತವೆ. ಬಸ್ಸಿನೊಳಗಿನ ಮಾತು ಮಾತ್ರ ತಿರುಗೋದಿಲ್ಲ, ಎರಡೂ ಭಾಷೆ ಕಲಸಿಕೊಂಡೇ ಸಾಗುತ್ತೆ. ಮೊದಲ ಸಲ ಆ ದಾರಿಯಲ್ಲಿ ಹೋದಾಗ ನನಗೆ ಅನಿಸಿದ್ದು ಇಷ್ಟೇ: ಈ ಗೆರೆಯನ್ನ ಇಲ್ಲೇ ಯಾಕೆ ಎಳೆದ್ರು?

1952ಕ್ಕೆ ಹೋಗೋಣ. ಆಗ ಬಳ್ಳಾರಿ ಜಿಲ್ಲೆ ಮದ್ರಾಸ್ ರಾಜ್ಯದಲ್ಲಿತ್ತು. ತೆಲುಗರಿಗೆ ಪ್ರತ್ಯೇಕ ರಾಜ್ಯ ಬೇಕು ಅಂತ ಮದ್ರಾಸಿನಲ್ಲಿ ಉಪವಾಸ ಕೂತಿದ್ದ ಪೊಟ್ಟಿ ಶ್ರೀರಾಮುಲು ಡಿಸೆಂಬರ್ 15ರಂದು ತೀರಿಕೊಂಡ್ರು. ಊರೂರಲ್ಲಿ ಗಲಭೆ ಆಯ್ತು. ನಾಲ್ಕೇ ದಿನದಲ್ಲಿ ಪ್ರಧಾನಿ ನೆಹರೂ ಆಂಧ್ರ ರಾಜ್ಯ ಮಾಡ್ತೀವಿ ಅಂತ ಘೋಷಿಸಿದ್ರು. ಭಾಷಾವಾರು ರಾಜ್ಯಗಳಿಗೆ ಅಷ್ಟು ವರ್ಷ ಹಿಂಜರಿದಿದ್ದ ಸರ್ಕಾರ ಅದು, ನೆನಪಿರಲಿ.

ರಾಜ್ಯ ಕೊಡ್ತೀವಿ ಅನ್ನೋದು ಸುಲಭ, ಅದು ಎಲ್ಲಿ ಮುಗಿಯುತ್ತೆ ಅನ್ನೋದೇ ತಲೆನೋವು. ನ್ಯಾಯಮೂರ್ತಿ ವಾಂಛೂ ಅವರಿಗೆ ಆ ಕೆಲಸ ಒಪ್ಪಿಸಿದ್ರು. ಬಳ್ಳಾರಿ ವಿಷಯದಲ್ಲಿ ಅವರು ಇಡೀ ಜಿಲ್ಲೆ ನೋಡದೆ, ತಾಲೂಕು ತಾಲೂಕಾಗಿ ಯಾವ ಭಾಷೆಯವರು ಎಷ್ಟಿದ್ದಾರೆ ಅಂತ ನೋಡಿದ್ರು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ. ಹೊಸಪೇಟೆ, ಸಂಡೂರು, ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ, ಸಿರುಗುಪ್ಪ ಮೈಸೂರಿಗೆ. ಉಳಿದಿದ್ದು ಬಳ್ಳಾರಿ ತಾಲೂಕು. ಅಲ್ಲಿ ಯಾವ ಭಾಷೆಗೂ ಅರ್ಧಕ್ಕಿಂತ ಹೆಚ್ಚು ಜನ ಇರಲಿಲ್ಲ. ಕನ್ನಡ, ತೆಲುಗು, ಜೊತೆಗೆ ಮನೆಯಲ್ಲಿ ಉರ್ದು ಮಾತಾಡೋರು. ಜನಗಣತಿಯವರು ಮಾತೃಭಾಷೆ ಅಂತ ಬರ್ಕೊಳ್ಳೋದು ಒಂದನ್ನೇ. ಅಂಗಡಿಯಲ್ಲೊಂದು, ಅಡುಗೆಮನೆಯಲ್ಲೊಂದು ಭಾಷೆ ಆಡೋ ಊರನ್ನ ಆ ಒಂದು ಕಾಲಮ್ಮಿನಲ್ಲಿ ಹೇಗೆ ಹಿಡೀತೀರಿ?

ಈ ಒಂದು ತಾಲೂಕಿಗೋಸ್ಕರವೇ ಇನ್ನೊಬ್ಬ ನ್ಯಾಯಮೂರ್ತಿ ಬರಬೇಕಾಯ್ತು, ಎಲ್.ಎಸ್. ಮಿಶ್ರಾ. ಅವರು ಮೈಸೂರಿಗೇ ಸೇರಲಿ ಅಂದ್ರು. 1953ರ ಅಕ್ಟೋಬರ್ 1ಕ್ಕೆ ಆಂಧ್ರ ರಾಜ್ಯ ಹುಟ್ಟಿತು, ಅವತ್ತೇ ಬಳ್ಳಾರಿ ಮೈಸೂರಿಗೆ ಬಂತು. ಆ ಸಂಭ್ರಮಕ್ಕೆ ಹಾಕಿದ್ದ ಪೆಂಡಾಲು ಕಾಯ್ತಿದ್ದ ಪೈಲ್ವಾನ್ ರಂಜಾನ್ ಸಾಬ್ ಮೇಲೆ ಆಸಿಡ್ ಬಲ್ಬ್ ಎಸೆದು ಕೊಂದ್ರು. ಬಳ್ಳಾರಿಯವರು ಇವತ್ತಿಗೂ ಆ ಹೆಸರು ನೆನೀತಾರೆ.

ಕಥೆ ಅಲ್ಲಿಗೆ ಮುಗೀಲಿಲ್ಲ. ಅದೇ ಡಿಸೆಂಬರ್‌ನಲ್ಲಿ ಇಡೀ ದೇಶದ ರಾಜ್ಯಗಳನ್ನ ಮರುಜೋಡಿಸೋಕೆ ಫಜಲ್ ಅಲಿ ಆಯೋಗ ಬಂತು. ಕೆ.ಎಂ. ಪಣಿಕ್ಕರ್, ಎಚ್.ಎನ್. ಕುಂಜ್ರು ಇನ್ನಿಬ್ಬರು ಸದಸ್ಯರು. ಒಂದು ಭಾಷೆಗೆ ಒಂದು ರಾಜ್ಯ ಅನ್ನೋ ಸೂತ್ರವನ್ನ ಇವರು ಒಪ್ಪಲಿಲ್ಲ. ಭಾಷೆ ಮುಖ್ಯ, ಆದ್ರೆ ಆಡಳಿತ, ಹಣಕಾಸು, ದೇಶದ ಭದ್ರತೆಯನ್ನೂ ನೋಡಬೇಕು ಅಂದ್ರು. ಗಡಿ ಎಳೆಯೋವಾಗ ತಾಲೂಕಿಗಿಂತ ಜಿಲ್ಲೆಯೇ ಅಳತೆ ಆಗ್ಬೇಕು ಅನ್ನೋದು ಅವರ ಸಾಮಾನ್ಯ ನಿಲುವು.

ಹಾಗಂದವರು 1955ರ ವರದಿಯಲ್ಲಿ ಏನು ಹೇಳಿದ್ರು ಗೊತ್ತಾ? ಬಳ್ಳಾರಿ, ಹೊಸಪೇಟೆ, ಸಿರುಗುಪ್ಪ ತಾಲೂಕುಗಳು, ಮಲ್ಲಾಪುರದ ಒಂದಷ್ಟು ಭಾಗ ಆಂಧ್ರಕ್ಕೆ ಹೋಗಲಿ ಅಂತ! ಹೊಸಪೇಟೆಯಲ್ಲಿ ಕನ್ನಡದವರೇ ಹೆಚ್ಚು, ಅದರ ಬಗ್ಗೆ ತಕರಾರೇ ಇರಲಿಲ್ಲ. ಕಾರಣ ಭಾಷೆ ಅಲ್ಲ, ತುಂಗಭದ್ರಾ ಅಣೆಕಟ್ಟು. ಕಾಲುವೆಯ ನೀರು ಬರದ ನಾಡು ರಾಯಲಸೀಮೆಗೆ ಹೋಗಬೇಕು, ಹಾಗಾಗಿ ಅಣೆಕಟ್ಟೆಯೂ ಅವರ ಕೈಯಲ್ಲಿರಲಿ ಅನ್ನೋ ಲೆಕ್ಕ. ಇನ್ನೊಂದು ತಮಾಷೆ ನೋಡಿ. ತೆಲುಗು ಮಾತಾಡೋರೇ ಹೆಚ್ಚಿದ್ದ ಕೋಲಾರವನ್ನ ಅದೇ ಆಯೋಗ ನಮ್ಮ ಕಡೆಗೇ ಬಿಟ್ಟಿತ್ತು. ಅಂದ್ರೆ ಭಾಷೆಯ ತಕ್ಕಡಿ ಎಲ್ಲಾ ಕಡೆ ಒಂದೇ ಥರ ತೂಗಲಿಲ್ಲ.

ನನಗೆ ರಾಯಲಸೀಮೆಯ ಭಯ ಸುಳ್ಳು ಅನ್ಸೋದಿಲ್ಲ. ಮೇಲಿನವನು ತೂಬು ಮುಚ್ಚಿದ್ರೆ ಕೆಳಗಿನವನ ಗತಿ ಏನು? ಆದ್ರೆ ನೀರು ಹಂಚೋಕೆ ಊರನ್ನೇ ಹಂಚಬೇಕಾಗಿರಲಿಲ್ಲ. 1953ರಲ್ಲೇ ಎರಡೂ ಕಡೆಗೆ ಸೇರಿದ ತುಂಗಭದ್ರಾ ಮಂಡಳಿ ಮಾಡಿಯಾಗಿತ್ತು.

ಬಳ್ಳಾರಿ ಮತ್ತೆ ಬೀದಿಗಿಳೀತು. ಸಂವಿಧಾನದ 3ನೇ ವಿಧಿ ಪ್ರಕಾರ ಗಡಿ ಬದಲಿಸೋ ಅಧಿಕಾರ ಸಂಸತ್ತಿನದು. ರಾಜ್ಯದ ಶಾಸಕಾಂಗ ಅಭಿಪ್ರಾಯ ಹೇಳಬಹುದು, ತಡೆಯೋಕೆ ಆಗಲ್ಲ. ಆಯೋಗದ ವರದಿಯೂ ಬರೀ ಶಿಫಾರಸು. ಕೇಂದ್ರ ಸರ್ಕಾರ ಈ ಶಿಫಾರಸನ್ನ ಕೈಬಿಟ್ಟಿತು. 1956ರ ನವೆಂಬರ್ 1ಕ್ಕೆ ಹೊಸ ಮೈಸೂರು ರಾಜ್ಯ ಆದಾಗ ಬಳ್ಳಾರಿ, ಹೊಸಪೇಟೆ ಎರಡೂ ಇಲ್ಲೇ ಉಳಿದ್ವು. ಆದೋನಿ, ಆಲೂರು, ರಾಯದುರ್ಗ ವಾಪಸ್ ಬರಲಿಲ್ಲ, ಅಲ್ಲಿನ ಕನ್ನಡದ ಮನೆಗಳು ಅಲ್ಲೇ ಇವೆ. ನೀರನ್ನ ಇವತ್ತಿಗೂ ತುಂಗಭದ್ರಾ ಮಂಡಳಿಯೇ ಹಂಚುತ್ತೆ.